ಮೇಷ್ಟ್ರು ಬರೆದ ಜೂನ್ ಒಂದು

ಪ್ರಶ್ನೆ: ಸರ್, ನಮ್ಮ ಅಣ್ಣನ ಮಗ 2025ರ ಡಿಸೆಂಬರ್ 10ರ ರಾತ್ರಿ ಊರಿನ ಇಬ್ಬರು ಹುಡುಗರ ಜೊತೆ ಓಮ್ನಿಯಲ್ಲಿ ಹೋಗಿದ್ದ. ಅವರಿಬ್ಬರು ಒಂದು ಮನೆಯ ಕೊಟ್ಟಿಗೆಯಿಂದ ಮೂರು ಚೀಲ ರಾಶಿ ಅಡಿಕೆ ಎತ್ತಿದಾರೆ. ಎಚ್ಚರವಾಗಿ ಬಂದ ಯಜಮಾನರಿಗೆ ಒಬ್ಬ ಕತ್ತಿ ಬೀಸಿ ಮಣಿಕಟ್ಟಿನ ಮೂಳೆ ಮುರಿದಿದೆ. ನಮ್ಮವನು ಗಾಡಿ ಹತ್ತಿರವೇ ಇದ್ದ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅವನ ಜನ್ಮದಿನ 1-6-2007 ಇದೆ. ನಿಜವಾಗಿ ಹುಟ್ಟಿದ್ದು 22-12-2007, ತಾಲ್ಲೂಕು ಆಸ್ಪತ್ರೆಯಲ್ಲಿ, ಜನನ ಪತ್ರ ಇದೆ. ಪೊಲೀಸರು ದೊಡ್ಡವರ ಜೊತೆಗೇ ಜೈಲಿಗೆ ಕಳಿಸಿದಾರೆ. "ಈಗ ಹೇಗೂ ಹದಿನೆಂಟು ಆಯ್ತಲ್ಲ" ಅಂತಾರೆ. ಯಾವ ದಾಖಲೆ ನಡೆಯುತ್ತದೆ? ಅವನನ್ನು ಕರೆದುಕೊಂಡು ಹೋದವರಿಗೆ ಬೇರೆ ಏನೂ ಇಲ್ಲವೇ?
— ಹೊಸನಗರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಠಾಣೆಯವರ ಮಾತಿನಿಂದಲೇ ಶುರು ಮಾಡೋಣ. ಈಗ ಹದಿನೆಂಟು ಆಯಿತೋ ಇಲ್ಲವೋ ಅನ್ನುವುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ನೋಡಬೇಕಾದದ್ದು ಡಿಸೆಂಬರ್ 10ರ ರಾತ್ರಿ ಅವನ ವಯಸ್ಸೆಷ್ಟು ಎಂದು ಮಾತ್ರ. ಹಿಂದೆ ಈ ವಿಷಯದಲ್ಲಿ ಗೊಂದಲ ಇದ್ದದ್ದು ನಿಜ. ಕೋರ್ಟಿಗೆ ಹಾಜರುಪಡಿಸಿದ ದಿನದ ವಯಸ್ಸು ನೋಡಬೇಕೆಂದು 2000ದಲ್ಲಿ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ ಹೇಳಿತ್ತು. 2005ರಲ್ಲಿ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ಬದಲಿಸಿ, ಕೃತ್ಯ ನಡೆದ ದಿನವೇ ಲೆಕ್ಕ ಎಂದಿತು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಆ ಮಾತು ವ್ಯಾಖ್ಯೆಯ ಒಳಗೇ ಸೇರಿದೆ. ಹುಡುಗ ಸಿಕ್ಕಿಬಿದ್ದದ್ದು ಐದು ವರ್ಷ ಬಿಟ್ಟಾದರೂ ಕೃತ್ಯದ ದಿನ ಹದಿನೆಂಟು ತುಂಬಿರದಿದ್ದರೆ ಅವನು ಕಾಯ್ದೆಯ ಕಣ್ಣಿಗೆ ಮಗುವೇ.

ಹಾಗಾಗಿ ನಿಮ್ಮ ಲೆಕ್ಕ ಇಷ್ಟು. ಮಾರ್ಕ್ಸ್ ಕಾರ್ಡಿನ ಪ್ರಕಾರ ಆ ರಾತ್ರಿ ಅವನಿಗೆ 18 ವರ್ಷ 6 ತಿಂಗಳು. ಜನನ ಪತ್ರದ ಪ್ರಕಾರ ಹದಿನೆಂಟಕ್ಕೆ ಇನ್ನೂ 12 ದಿನ ಬಾಕಿ. ಈ ಎರಡು ಕಾಗದಗಳ ನಡುವೆಯೇ ಇಡೀ ಕೇಸು ನಿಂತಿದೆ.

ಆಧಾರನ್ನು ಬದಿಗಿಡಿ. ಅದು ಗುರುತಿನ ಚೀಟಿ, ವಯಸ್ಸಿನ ಪುರಾವೆಯಲ್ಲ. ಒಂದು ಅಪಘಾತ ಪರಿಹಾರದ ಕೇಸಿನಲ್ಲಿ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಅದೂ ಅಲ್ಲದೆ, ಆಧಾರಿನಲ್ಲಿ ಇರುವ ತಾರೀಕು ಶಾಲೆಯ ಕಾಗದ ನೋಡಿ ಬರೆಸಿದ್ದೇ ಆಗಿರುತ್ತದೆ. ಒಂದೇ ತಪ್ಪನ್ನು ಎರಡು ಕಡೆ ಬರೆದರೆ ಎರಡು ಸಾಕ್ಷಿ ಆಗುವುದಿಲ್ಲ.

ಇನ್ನು ನಿಮಗೆ ಹಿಡಿಸದ ಮಾತು. ವಯಸ್ಸು ನಿರ್ಧರಿಸುವ ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ದಾಖಲೆಗಳಿಗೆ ಒಂದು ಸರದಿ ಹಾಕಿದೆ. ಮೊದಲು ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ, ಅಥವಾ ಪರೀಕ್ಷಾ ಮಂಡಳಿಯ ಮೆಟ್ರಿಕ್ ಪ್ರಮಾಣಪತ್ರ, ಅಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿಯದು. ಅವು ಇಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. "ಜನನ ಪತ್ರ ಇದೆಯಲ್ಲ, ಸಾಕು" ಅಂತ ಕೈಬೀಸಿಕೊಂಡು ಕೋರ್ಟಿಗೆ ಹೋದರೆ ಸರ್ಕಾರಿ ವಕೀಲರು ಈ ಸರದಿಯನ್ನು ಓದಿ ಕೂರುತ್ತಾರೆ. ಮಾರ್ಕ್ಸ್ ಕಾರ್ಡು ಇರುವಾಗ ಜನನ ಪತ್ರದ ಸರದಿಯೇ ಬರುವುದಿಲ್ಲ ಎಂಬುದು ಅವರ ವಾದ. ಅಕ್ಷರಶಃ ಓದಿದರೆ ಅದು ತಪ್ಪು ವಾದವೂ ಅಲ್ಲ.

ಆದರೆ ಮಾರ್ಕ್ಸ್ ಕಾರ್ಡು ಹೇಳಿದ್ದೇ ಕೊನೆ ಮಾತೂ ಅಲ್ಲ. 2019ರ ಸಂಜೀವ್ ಕುಮಾರ್ ಗುಪ್ತಾ ಪ್ರಕರಣ ನೋಡಿ. ಅಲ್ಲಿ ಹುಡುಗನ ಮೆಟ್ರಿಕ್ ಪ್ರಮಾಣಪತ್ರ ಅವನನ್ನು ಬಾಲಕ ಎನ್ನುತ್ತಿತ್ತು. ಸುಪ್ರೀಂ ಕೋರ್ಟು ಆ ತಾರೀಕು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ, ಮೊದಲ ಶಾಲೆಯ ದಾಖಲೆಯಲ್ಲಿ ಬೇರೆ ತಾರೀಕು ಇದ್ದದ್ದನ್ನು ಗಮನಿಸಿ, ಪ್ರಮಾಣಪತ್ರವನ್ನು ನಂಬಲಿಲ್ಲ. ಅಲ್ಲಿ ಅದು ಹುಡುಗನಿಗೆ ವಿರುದ್ಧವಾಯಿತು, ನಿಮಗೆ ಅದೇ ತರ್ಕ ಅನುಕೂಲವಾಗಬಹುದು. 2021ರ ರಿಷಿಪಾಲ್ ಸಿಂಗ್ ಸೋಳಂಕಿ ತೀರ್ಪು ಇನ್ನೂ ಸ್ಪಷ್ಟ. ಈ ದಾಖಲೆಗಳು ಹುಟ್ಟಿಸುವುದು ಒಂದು ಊಹೆಯನ್ನು ಮಾತ್ರ, ಎದುರು ಸಾಕ್ಷ್ಯ ಕೊಟ್ಟು ಅದನ್ನು ಅಳಿಸಬಹುದು. ಗಡಿಯಂಚಿನ ಪ್ರಕರಣದಲ್ಲಿ ಎರಡೂ ಅಭಿಪ್ರಾಯಕ್ಕೆ ಜಾಗ ಇದ್ದರೆ ಬಾಲಕನ ಕಡೆಗೆ ವಾಲಬೇಕು. 12 ದಿನಕ್ಕಿಂತ ಗಡಿಯಂಚು ಇನ್ನೇನಿದೆ?

ಎದುರು ಸಾಕ್ಷ್ಯ ಎಂದರೆ ಜೂನ್ ಒಂದು ಎಲ್ಲಿಂದ ಬಂತು ಎಂದು ತೋರಿಸುವುದು. ಮಲೆನಾಡಿನಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ, ಆದರೆ ಕೋರ್ಟಿಗೆ ವಿವರಿಸಬೇಕಾಗುತ್ತದೆ. ಕೆಲವು ವರ್ಷದ ಹಿಂದೆ ಇಂಥದೇ ಒಂದು ಕೇಸಿಗೆ ಘಟ್ಟದಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಮುಖ್ಯ ಶಿಕ್ಷಕಿ ಗೋದ್ರೇಜ್ ಬೀರು ತೆಗೆದು ದಾಖಲಾತಿ ವಹಿ ಕೊಟ್ಟರು. ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ನಮಗೆ ಬೇಕಾದ ಪುಟದಲ್ಲಿ ಹದಿನಾಲ್ಕು ಮಕ್ಕಳ ಹೆಸರು, ಅದರಲ್ಲಿ ಒಂಬತ್ತು ಮಕ್ಕಳು ಜೂನ್ ಒಂದರಂದು ಹುಟ್ಟಿದವರು! ಅದೇ ಶಾಯಿ, ಅದೇ ಕೈಬರಹ. ಒಂದನೇ ಕ್ಲಾಸಿಗೆ ಸೇರಿಸಲು ವಯಸ್ಸು ಸಾಲದಿದ್ದರೆ ಮೇಷ್ಟ್ರು ಆರು ವರ್ಷ ಹಿಂದಿನ ಜೂನ್ ಒಂದು ಬರೆದುಕೊಳ್ಳುತ್ತಿದ್ದರು. ತಂದೆತಾಯಿಗೂ ಅದರಲ್ಲಿ ತಕರಾರಿರಲಿಲ್ಲ, ಮಗು ಒಂದು ವರ್ಷ ಮನೆಯಲ್ಲಿ ಕೂರುವುದು ತಪ್ಪಿತಲ್ಲ. ಆ ಒಂದು ಪುಟದ ದೃಢೀಕೃತ ನಕಲು ನಮಗೆ ಹತ್ತು ಸಾಕ್ಷಿಗಳಷ್ಟು ಕೆಲಸ ಮಾಡಿತು. ನಿಮ್ಮ ಹುಡುಗ ಒಂದನೇ ಕ್ಲಾಸು ಸೇರಿದ ಶಾಲೆಯ ಅದೇ ಪುಟವನ್ನು ತರಿಸಿ. ಅವನೊಬ್ಬನ ಸಾಲಲ್ಲ, ಇಡೀ ಪುಟ ಬೇಕು. ಉಳಿದ ಮಕ್ಕಳ ಗುಟ್ಟು ಕಾಪಾಡಬೇಕಾದ್ದರಿಂದ ಅದನ್ನು ಕೋರ್ಟಿನ ಮೂಲಕವೇ ತರಿಸುವುದು ಸರಿ.

ಇನ್ನೊಂದು ತುದಿಯಲ್ಲಿ ಜನನ ಪತ್ರವನ್ನು ಗಟ್ಟಿ ಮಾಡಬೇಕು. ಈಗ ಕಂಪ್ಯೂಟರಿನಿಂದ ತೆಗೆದುಕೊಡುವ ಪ್ರತಿಯಲ್ಲಿ ಹುಟ್ಟಿದ ತಾರೀಕಿನ ಕೆಳಗೆ ನೋಂದಣಿಯ ತಾರೀಕು ಎಂದು ಇನ್ನೊಂದು ಇರುತ್ತದೆ. ನ್ಯಾಯಾಧೀಶರು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ. ಹುಟ್ಟಿ 21 ದಿನದ ಒಳಗೆ ನೋಂದಣಿಯಾಗಿದ್ದರೆ, ಅಂದರೆ 2008ರ ಜನವರಿ ಎರಡನೇ ವಾರದ ಹೊತ್ತಿಗೆ ಆಗಿದ್ದರೆ, ಆ ಕಾಗದವನ್ನು ಅಲುಗಾಡಿಸುವುದು ಕಷ್ಟ. ಹದಿನೆಂಟು ವರ್ಷದ ಹಿಂದೆ ಯಾರೂ ಈ ಕೇಸನ್ನು ನೆನೆಸಿಕೊಂಡು ತಾರೀಕು ಬರೆಸಿರುವುದಿಲ್ಲ. ನೋಂದಣಿ ಬಹಳ ತಡವಾಗಿ, ಆದೇಶ ಪಡೆದು ಆಗಿದ್ದರೆ ಅದರ ತೂಕ ಇಳಿಯುತ್ತದೆ. ಘಟನೆ ಆದಮೇಲೆ ಆಗಿದ್ದರಂತೂ ಅದನ್ನು ಹಾಜರುಮಾಡದಿರುವುದೇ ಒಳ್ಳೆಯದು. ನಿಮ್ಮದು ಆಸ್ಪತ್ರೆಯ ಹೆರಿಗೆ, ಹಾಗಾಗಿ ಹೆರಿಗೆ ವಹಿಯ ನಕಲು, ಅತ್ತಿಗೆಯ ಹತ್ತಿರ ತಾಯಿ ಕಾರ್ಡು ಉಳಿದಿದ್ದರೆ ಅದು, ಲಸಿಕೆಯ ಚೀಟಿ, ಅಂಗನವಾಡಿಯ ದಾಖಲೆ, ಸಿಕ್ಕಿದ್ದನ್ನೆಲ್ಲ ಹುಡುಕಿ. ನೀರು ಕುಡಿದು ಹಳದಿಯಾದ ಲಸಿಕೆ ಚೀಟಿ ಎಂದು ಎಸೆಯಬೇಡಿ, ಹಳೆಯದಾದಷ್ಟೂ ಒಳ್ಳೆಯದು.

ಅಣ್ಣನ ಬೇರೆ ಮಕ್ಕಳ ಜನನ ಪತ್ರವನ್ನೂ ಒಮ್ಮೆ ತೆಗೆದು ನೋಡಿ. ಹುಡುಗನಿಗೆ ಅಕ್ಕನೋ ಅಣ್ಣನೋ ಇದ್ದು, ಆ ಮಗು 2006ರ ನವೆಂಬರಿನಲ್ಲಿ ಹುಟ್ಟಿದೆ ಎಂದಿಟ್ಟುಕೊಳ್ಳಿ. ಏಳು ತಿಂಗಳಿಗೆ, 2007ರ ಜೂನ್ ಒಂದಕ್ಕೆ, ಅದೇ ತಾಯಿಗೆ ಇನ್ನೊಂದು ಮಗು ಹೇಗೆ ಹುಟ್ಟೀತು? ಈ ಒಂದು ಪ್ರಶ್ನೆಗೆ ಎಸ್ಸೆಸ್ಸೆಲ್ಸಿ ತಾರೀಕು ಕುಸಿದುಬಿದ್ದದ್ದನ್ನು ನಾನೇ ಕಂಡಿದ್ದೇನೆ.

ಎರಡು ಕೆಲಸ ಮಾತ್ರ ಮಾಡಬೇಡಿ. ಈಗ ಅರ್ಜೆಂಟಾಗಿ ಮಾರ್ಕ್ಸ್ ಕಾರ್ಡು ತಿದ್ದಿಸಲು ಓಡಬೇಡಿ. ಕೇಸಾದ ಮೇಲಿನ ತಿದ್ದುಪಡಿ ಅನುಮಾನಕ್ಕೆ ಆಹ್ವಾನ, ಅದರ ಅಗತ್ಯವೂ ಇಲ್ಲ, ಈ ಕೇಸಿನ ಮಟ್ಟಿಗೆ ವಯಸ್ಸನ್ನು ವಿಚಾರಣೆಯಲ್ಲೇ ನಿರ್ಧರಿಸುತ್ತಾರೆ. ಮೂಳೆ ಪರೀಕ್ಷೆ ಮಾಡಿಸಿ ಎಂದೂ ನೀವಾಗಿ ಕೇಳಬೇಡಿ. ಕಾಗದ ಯಾವುದೂ ಇಲ್ಲದಿದ್ದರೆ ಮಾತ್ರ ಅದು ಬರಬೇಕಾದ್ದು. ಎಕ್ಸ್‌ರೇ ನೋಡಿ ಹೇಳುವ ವಯಸ್ಸು ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟು 1982ರಿಂದಲೇ ಒಪ್ಪಿದೆ. ನಿಮಗೆ ಬೇಕಾದದ್ದು ಆರು ತಿಂಗಳ ವ್ಯತ್ಯಾಸ ಹೇಳುವ ತಕ್ಕಡಿ, ಮೂಳೆಯಲ್ಲಿ ಅಷ್ಟು ಸಣ್ಣ ಬಟ್ಟು ಇಲ್ಲ.

ಇದನ್ನೆಲ್ಲ ಎಲ್ಲಿ ಕೊಡಬೇಕು? ಹುಡುಗನನ್ನು ನ್ಯಾಯಾಂಗ ಬಂಧನಕ್ಕೆ ಕಳಿಸಿದ ಮ್ಯಾಜಿಸ್ಟ್ರೇಟರ ಮುಂದೆಯೇ, ಬಾಲ ನ್ಯಾಯ ಕಾಯ್ದೆಯ 9ನೇ ಕಲಂ ಅಡಿ ಅರ್ಜಿ. ಕೃತ್ಯದ ದಿನ ತಾನು ಮಗುವಾಗಿದ್ದೆ ಎಂದು ಆರೋಪಿ ಹೇಳಿದರೆ ಕೋರ್ಟು ವಿಚಾರಣೆ ನಡೆಸಲೇಬೇಕು. ಬರೀ ಅಫಿಡವಿಟ್ ಸಾಲದು, ಸಾಕ್ಷ್ಯ ತೆಗೆದುಕೊಂಡು ವಯಸ್ಸೆಷ್ಟೆಂದು ಬರೆದು ತೀರ್ಮಾನ ಕೊಡಬೇಕು. ಆಸ್ಪತ್ರೆಯ ದಾಖಲೆ ತರುವವರು, ಶಾಲೆಯವರು, ಅತ್ತಿಗೆ, ಇವರನ್ನೆಲ್ಲ ಸಾಕ್ಷಿಗಳಾಗಿ ಕರೆಸಲು ಅದೇ ಅರ್ಜಿಯಲ್ಲಿ ಕೇಳಿ. ಅದು ತೀರ್ಮಾನವಾಗುವ ತನಕ ಅವನನ್ನು ಜೈಲಿನಿಂದ ಸುರಕ್ಷಿತ ಸ್ಥಳಕ್ಕೆ ಬದಲಿಸಿ ಎಂಬ ಪ್ರತ್ಯೇಕ ಪ್ರಾರ್ಥನೆ ಹಾಕುವುದನ್ನು ವಕೀಲರು ಅನೇಕ ಸಲ ಮರೆಯುತ್ತಾರೆ. 9ನೇ ಕಲಮಿನಲ್ಲೇ ಅದಕ್ಕೆ ಅವಕಾಶ ಇದೆ. ಒಂದು ವೇಳೆ ಮ್ಯಾಜಿಸ್ಟ್ರೇಟರು ಒಪ್ಪದಿದ್ದರೂ ಬಾಗಿಲು ಮುಚ್ಚಿತು ಎಂದುಕೊಳ್ಳಬೇಡಿ. ಈ ವಾದವನ್ನು ಯಾವ ಹಂತದಲ್ಲೂ, ಯಾವ ಕೋರ್ಟಿನಲ್ಲೂ, ಕೇಸು ಮುಗಿದ ಮೇಲೂ ಎತ್ತಬಹುದು. ವಕೀಲರಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಉಚಿತ ವಕೀಲರ ಹಕ್ಕಿದೆ, ಆದಾಯ ಪತ್ರದ ಪ್ರಶ್ನೆ ಬರುವುದಿಲ್ಲ.

ವಯಸ್ಸು 17 ಎಂದು ಸಾಬೀತಾದರೆ ಅವನ ಪ್ರಕರಣ ದೊಡ್ಡವರಿಂದ ಬೇರೆಯಾಗಿ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಎಫ್‌ಐಆರ್ ಒಂದೇ ಆದರೂ ವಿಚಾರಣೆ ಒಟ್ಟಿಗೆ ನಡೆಸುವಂತಿಲ್ಲ. ಅಲ್ಲಿ ಕೂರುವವರು ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಮಂಡಳಿಯಲ್ಲಿ ಜಾಮೀನೇ ನಿಯಮ. ಅಪರಾಧ ಜಾಮೀನಿಗೆ ಅರ್ಹವೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಬಿಟ್ಟರೆ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ಕಂಡರೆ ಮಾತ್ರ ನಿರಾಕರಿಸಬಹುದು, ಅದಕ್ಕೂ ಕಾರಣ ಬರೆಯಬೇಕು. ಆ ಇಬ್ಬರು ಅದೇ ಊರಿನವರಾದ್ದರಿಂದ "ಸಹವಾಸ" ಎಂಬ ಕಾರಣ ನಿಮಗೆ ತೊಡಕಾಗಬಹುದು. ಅವನನ್ನು ಸ್ವಲ್ಪ ಕಾಲ ಬೇರೆ ತಾಲ್ಲೂಕಿನ ನೆಂಟರ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ಯಾರಾದರೂ ಮುಂದೆ ಬಂದು ಹೇಳಿದರೆ ಆ ತೊಡಕು ಸಡಿಲವಾಗುತ್ತದೆ.

ಮಂಡಳಿಯ ಮುಂದೆ ಇನ್ನೊಂದು ಗಡಿ ಕಾದಿದೆ, ಅದು ಹದಿನಾರು ವರ್ಷದ್ದು. ಹದಿನಾರು ತುಂಬಿದವನು ಘೋರ ಅಪರಾಧ ಮಾಡಿದ ಆರೋಪ ಇದ್ದರೆ, ಅವನನ್ನು ವಯಸ್ಕನಂತೆ ವಿಚಾರಣೆಗೆ ಕಳಿಸಬೇಕೇ ಎಂದು ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬಹುದು. ಘೋರ ಎಂದರೆ ಕೇಳಲು ಭೀಕರ ಎಂದಲ್ಲ. ಕಾನೂನಿನಲ್ಲಿ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರಬೇಕು. ಇಲ್ಲಿ ಎಫ್‌ಐಆರ್‌ನ ಕಲಮುಗಳನ್ನು ಬಿಡಿಸಿ ನೋಡಬೇಕು. ಬರೀ ಅಡಿಕೆ ಎತ್ತಿದ್ದರೆ ಕಳ್ಳತನ, ಏಳು ವರ್ಷದವರೆಗೆ. ಎತ್ತಿದ ಮಾಲು ಸಾಗಿಸಲು ಯಜಮಾನರಿಗೆ ಗಾಯ ಮಾಡಿದ್ದರಿಂದ ಅದು ಸುಲಿಗೆ ಆಯಿತು, ಭಾರತೀಯ ನ್ಯಾಯ ಸಂಹಿತೆಯ 309, ಹತ್ತು ವರ್ಷದವರೆಗೆ, ಗಾಯವೂ ಆಗಿರುವುದರಿಂದ ಜೀವಾವಧಿಯೂ ಆಗಬಹುದು. ಎರಡಕ್ಕೂ ಕನಿಷ್ಠ ಶಿಕ್ಷೆ ಎಂಬುದಿಲ್ಲ. ಗರಿಷ್ಠ ಎಷ್ಟೇ ದೊಡ್ಡದಿದ್ದರೂ ಕನಿಷ್ಠ ಏಳು ಇಲ್ಲದಿದ್ದರೆ ಅದು ಘೋರ ಅಲ್ಲ, ಗಂಭೀರ ಮಾತ್ರ. 2020ರಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಹೀಗೆಂದಾಯಿತು, 2021ರ ತಿದ್ದುಪಡಿ ಅದನ್ನು ಕಾಯ್ದೆಗೇ ಸೇರಿಸಿತು. ತೊಂದರೆ ಕೊಡುವುದು 311ನೇ ಕಲಂ. ಸುಲಿಗೆ ಮಾಡುವಾಗ ಮಾರಕಾಯುಧ ಬಳಸಿದರೆ ಅಥವಾ ತೀವ್ರ ಗಾಯ ಮಾಡಿದರೆ ಕನಿಷ್ಠ ಏಳು ವರ್ಷ. ಮೂಳೆ ಮುರಿತ ತೀವ್ರ ಗಾಯವೇ. ಇಂಥ ಕೇಸಿನಲ್ಲಿ ಪೊಲೀಸರು ಸಾಮಾನ್ಯವಾಗಿ ಮೂವರ ಮೇಲೂ 311 ಹಾಕುತ್ತಾರೆ. ಆದರೆ ಹಳೆಯ ದಂಡ ಸಂಹಿತೆಯ 397 ಇದೇ ಮಾತುಗಳಲ್ಲಿ ಇತ್ತು. ಆಯುಧ ಬೀಸಿದವನಿಗೆ ಮಾತ್ರ ಆ ಕನಿಷ್ಠ ಶಿಕ್ಷೆ, ಜೊತೆಗಿದ್ದವರಿಗೆ ಅದು ಹಂಚಿಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ. ಗಾಡಿ ಹತ್ತಿರ ನಿಂತವನ ಕೈಯಲ್ಲಿ ಕತ್ತಿ ಇರಲಿಲ್ಲ ಎಂಬುದು ಯಜಮಾನರ ಹೇಳಿಕೆಯಲ್ಲೇ ಇದೆಯೇ ನೋಡಿ. ಇದ್ದರೆ ಹುಡುಗನ ಮಟ್ಟಿಗೆ ಇದು ಘೋರ ಅಪರಾಧವಲ್ಲ, ಮೌಲ್ಯಮಾಪನದ ಪ್ರಶ್ನೆಯೇ ಏಳುವುದಿಲ್ಲ ಎಂದು ಮಂಡಳಿಯ ಮೊದಲ ದಿನವೇ ಹೇಳಿಸಿ. ಅವನು ಹದಿನೈದರವನಾಗಿದ್ದರೆ ಈ ಪ್ಯಾರಾ ಪೂರ್ತಿ ಬೇಡವಾಗಿತ್ತು, ಕತ್ತಿ ಅವನೇ ಬೀಸಿದ್ದರೂ ಮಂಡಳಿಯೇ ಮುಗಿಸಬೇಕಿತ್ತು.

ಮೌಲ್ಯಮಾಪನ ನಡೆದೇ ನಡೆಯಿತು ಎಂದಾದರೆ, ಅಲ್ಲಿ ನೋಡುವುದು ತಪ್ಪು ಮಾಡಿದನೇ ಎಂದಲ್ಲ. ಅಂಥ ಕೃತ್ಯ ಮಾಡುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಮತ್ತು ಯಾವ ಸಂದರ್ಭದಲ್ಲಿ ಅದು ನಡೆಯಿತು, ಈ ನಾಲ್ಕನ್ನು. ಮೂರು ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ಆ ಗಡುವು ಮೀರಿತು ಎಂಬ ಒಂದೇ ಕಾರಣಕ್ಕೆ ಆದೇಶ ಬಿದ್ದುಹೋಗುವುದಿಲ್ಲ. 2024ರ ಮೇ ತಿಂಗಳಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಕಡ್ಡಾಯವಲ್ಲ ಎಂದಿದೆ. ಹಾಗಾಗಿ ದಿನ ಎಣಿಸುತ್ತ ಕೂರಬೇಡಿ. ಮಂಡಳಿಯೇ ವಿಚಾರಣೆ ಮುಗಿಸಿ ತಪ್ಪಿತಸ್ಥ ಎಂದರೂ ಗರಿಷ್ಠವೆಂದರೆ ಮೂರು ವರ್ಷ ವಿಶೇಷ ಗೃಹ. ಬುದ್ಧಿವಾದ, ಸಮುದಾಯ ಸೇವೆ, ಮೇಲ್ವಿಚಾರಣೆಯಲ್ಲಿ ಮನೆಗೆ ಬಿಡುವುದು ಇವೂ ಅದೇ ಕಲಮಿನಲ್ಲಿವೆ.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ಇದನ್ನು ಕೇಳುವವರು ಕಡಿಮೆ. ಕರೆದುಕೊಂಡು ಹೋದವರು ಸುಲಿಗೆಗೆ ಮಾತ್ರ ಉತ್ತರಿಸಿದರೆ ಸಾಲದು. ಹದಿನೆಂಟರೊಳಗಿನವನನ್ನು ಅಪರಾಧಕ್ಕೆ ಬಾಡಿಗೆಗೆ ಹಿಡಿದರೆ ಅಥವಾ ತೊಡಗಿಸಿದರೆ ನ್ಯಾಯ ಸಂಹಿತೆಯ 95ನೇ ಕಲಂ ಪ್ರಕಾರ ಕನಿಷ್ಠ ಮೂರು, ಗರಿಷ್ಠ ಹತ್ತು ವರ್ಷ. ಬಾಲ ನ್ಯಾಯ ಕಾಯ್ದೆಯ 83ನೇ ಕಲಮಿನಲ್ಲೂ ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕರಿಗೆ ಏಳು ವರ್ಷದವರೆಗೆ ಸಜೆ, ಐದು ಲಕ್ಷ ದಂಡ. ಅಂದರೆ ಒಂದೇ ಫೈಲಿನಲ್ಲಿ ನಿಮ್ಮ ಹುಡುಗ ಆರೋಪಿಯೂ ಹೌದು, ಇನ್ನೊಂದು ಅಪರಾಧದ ಬಲಿಯೂ ಹೌದು. ಪೊಲೀಸರು ಅವನನ್ನು ಹದಿನೆಂಟರವನು ಎಂದುಕೊಂಡಿರುವ ತನಕ ಈ ಕಲಮುಗಳು ಯಾರ ತಲೆಗೂ ಹೊಳೆಯುವುದಿಲ್ಲ, ವಯಸ್ಸಿನ ಆದೇಶ ಕೈಗೆ ಬಂದ ಮೇಲೆ ನೀವೇ ತನಿಖಾಧಿಕಾರಿಗೆ ಬರೆದುಕೊಡಬೇಕು. ಆ ಸಂಜೆ ಯಾರು ಫೋನು ಮಾಡಿ ಕರೆದರು, ಗಾಡಿ ಯಾರದು, ಎಷ್ಟು ದುಡ್ಡು ಕೊಡುತ್ತೇವೆಂದರು, ಇಷ್ಟು ಅದರಲ್ಲಿರಲಿ. ಹುಡುಗನ ಫೋನಿನ ಕರೆ ಪಟ್ಟಿಯನ್ನು ಅಳಿಸಲು ಯಾರಿಗೂ ಬಿಡಬೇಡಿ. ಈ ಹೇಳಿಕೆಯನ್ನು ವಕೀಲರಿಗೆ ತೋರಿಸದೆ ಕೊಡಬೇಡಿ, ಅವನ ಸ್ವಂತ ಪ್ರಕರಣಕ್ಕೆ ಮುಳ್ಳಾಗುವ ಸಾಲು ಅದರಲ್ಲಿ ನುಸುಳಬಾರದು.

ಒಂದು ಮಾತು ಅಡ್ಡವಾಗಿ. ಇದೇ 94ನೇ ಕಲಂ ಪೋಕ್ಸೊ ಪ್ರಕರಣದಲ್ಲಿ ಹುಡುಗಿಯ ವಯಸ್ಸಿಗೂ ಅನ್ವಯ. ಅಲ್ಲಿ ಜೂನ್ ಒಂದು ತಿರುಗಿ ಕುಟುಕುತ್ತದೆ, ಹದಿನೇಳರ ಹುಡುಗಿ ಕಾಗದದಲ್ಲಿ ಹದಿನೆಂಟಾಗಿ ಆರೋಪಿ ಪಾರಾಗಲು ದಾರಿಯಾಗುತ್ತದೆ. ಟಿಸಿ ಒಂದನ್ನೇ ನಂಬಿ ಕೂತವರಿಗೆ 2023ರಲ್ಲಿ ಯುವಪ್ರಕಾಶ್ ಪ್ರಕರಣದಲ್ಲಿ ಏಟು ಬಿತ್ತು, ಟಿಸಿ ಈ ಕಲಮಿನ ಪಟ್ಟಿಯಲ್ಲಿಲ್ಲ ಎಂದಿತು ಸುಪ್ರೀಂ ಕೋರ್ಟು. ನಿಮ್ಮ ಅರ್ಜಿಗೂ ಟಿಸಿಯನ್ನು ಆಧಾರ ಮಾಡಿಕೊಳ್ಳಬೇಡಿ.

ಎಲ್ಲ ಮಾಡಿಯೂ ಕೋರ್ಟು ಮಾರ್ಕ್ಸ್ ಕಾರ್ಡನ್ನೇ ಹಿಡಿದರೆ ಅವನು ದೊಡ್ಡವರ ಜೊತೆಗೇ ವಿಚಾರಣೆ ಎದುರಿಸಬೇಕಾಗುತ್ತದೆ. ಆಗಲೂ 311 ಮತ್ತು ಜೀವಾವಧಿ ಶಿಕ್ಷೆ ಇರುವ ಆರೋಪ ಎರಡೂ ಅವನ ಮೇಲಿಂದ ಬಿಟ್ಟುಹೋದರೆ, ಇಪ್ಪತ್ತೊಂದರೊಳಗಿನವರನ್ನು ಜೈಲಿಗೆ ಕಳಿಸುವ ಮುನ್ನ ಕಾರಣ ಬರೆಯಬೇಕೆನ್ನುವ 1958ರ ಪರಿವೀಕ್ಷಣಾ ಕಾಯ್ದೆಯ 6ನೇ ಕಲಂ ಇದೆ. ವಕೀಲರಿಗೆ ಅದನ್ನೂ ನೆನಪಿಸಿ.

ನಾಳೆಯೇ ಮಾಡಬೇಕಾದದ್ದು ಎರಡು. ಜನನ ಪತ್ರದಲ್ಲಿ ನೋಂದಣಿಯ ತಾರೀಕು ಏನಿದೆ ಎಂದು ನೋಡಿ ನನಗೆ ಬರೆಯಿರಿ. ಊರಿನ ವಾಟ್ಸಾಪ್ ಗುಂಪಿನಲ್ಲಿ ಮೂವರ ಫೋಟೋ ತಿರುಗುತ್ತಿದ್ದರೆ ಹುಡುಗನದನ್ನು ತೆಗೆಸಿ. ಕಾನೂನಿನ ಸಂಘರ್ಷದಲ್ಲಿರುವ ಮಗುವಿನ ಗುರುತು ಹೊರಹಾಕುವುದು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಆಗುವ ಅಪರಾಧ. ಕಳಿಸಿದವರು ಅಡಿಕೆ ಕಳೆದುಕೊಂಡ ಮನೆಯವರೇ ಆಗಿದ್ದರೆ ಜಗಳಕ್ಕೆ ಹೋಗದೆ ಹಿರಿಯರೊಬ್ಬರ ಮೂಲಕ ಹೇಳಿಸಿ, ಆ ಯಜಮಾನರ ಕೈಗೆ ಇನ್ನೂ ಪಟ್ಟಿ ಕಟ್ಟಿರುತ್ತದೆ.